ಫೋನ್ ಮಾಡ್ದವ್ರ ರೊಕ್ಕ ಯಾವಾಗ ಬರ್ತದ? ಮೂರು ನಮೂನಿ ರಿಕ್ರೂಟರ್‌ಗಳ ಜೋಡಿ ಮಾತಾಡೋದು

(ಕಲಬುರಗಿಯಾಗ ಕೆಲಸ ಬದಲಿಸೋ ವಿಚಾರದಾಗ ಇದ್ದವ್ರಿಗೆ ಕೊಟ್ಟ ಉಪನ್ಯಾಸದ ಬರಹ ರೂಪ)

ಇಲ್ಲಿ ಕುಂತವ್ರಾಗ ಎಷ್ಟ್ ಮಂದಿಗೆ ಹೋದ ತಿಂಗಳು ಕೆಲಸದ ಸಲುವಾಗಿ ಫೋನ್ ಬಂದಿತ್ತು, ಕೈ ಎತ್ರಿ. ಭಾಳ ಮಂದಿ ಅದೀರಿ. ಈಗ ಅದರಾಗ ಎಷ್ಟ್ ಮಂದಿ "ನೀವು ಕಂಪನಿಯವ್ರೇನ್ರಿ, ಕನ್ಸಲ್ಟೆನ್ಸಿಯವ್ರೇನ್ರಿ" ಅಂತ ಕೇಳಿದ್ರಿ? ಮೂರೇ ಕೈ. ಇದೇ ನೋಡ್ರಿ ನನ್ನ ಇವತ್ತಿನ ವಿಷಯ. ನಮ್ ಮಂದಿ ಫೋನ್ ಮಾಡ್ದವ್ರಿಗೆಲ್ಲಾ "ಎಚ್ಆರ್ ಮೇಡಂ" ಅಂತಾರ, ಎಲ್ಲಾರ ಜೋಡಿನೂ ಒಂದೇ ದನಿಯಾಗ ಮಾತಾಡ್ತಾರ, ಎಲ್ಲಾರಿಗೂ ಅದೇ ಎರಡು ಪ್ರಶ್ನೆ ಕೇಳ್ತಾರ, ಪಗಾರ ಎಷ್ಟು, ಲೊಕೇಶನ್ ಎಲ್ಲಿ. ಆದ್ರ ಆ ಕಡೆ ಕುಂತವ್ರು ಮೂರು ನಮೂನಿ ಇರ್ತಾರ, ಮೂರೂ ಮಂದಿ ರೊಕ್ಕ ಗಳಿಸೋ ರೀತಿ ಬ್ಯಾರೆ ಬ್ಯಾರೆ.

ನಾನು ಹೈದರಾಬಾದಿನಾಗ ಮೊದಲು ಕನ್ಸಲ್ಟೆನ್ಸಿಯಾಗ ಇದ್ದೆ, ಆಮ್ಯಾಲ ಒಂದು ಔಷಧಿ ಕಂಪನಿಯ ಒಳಗೇ ರಿಕ್ರೂಟರ್ ಆದೆ. ಅಂದ್ರ ಮೇಜಿನ ಎರಡೂ ಬಾಜು ಕುಂತು ನೋಡೀನಿ. ಹಂಗಾಗಿ ಹೆಸರು ಹೇಳದೆ ಒಂದು ಖರೇ ಸಂಗತಿ ಹೇಳ್ತೀನಿ, ಅದರ ಸುತ್ತನೇ ಮಾತಾಡೋಣ.

ಹುಮನಾಬಾದ್ ಕಡೆಯ ಹುಡುಗ ಒಬ್ಬ, ಎಂಎಸ್ಸಿ ಕೆಮಿಸ್ಟ್ರಿ, ಹೈದರಾಬಾದಿನಾಗ ಮಾಲಿನ ಗುಣಮಟ್ಟ ಪರೀಕ್ಷೆ ಮಾಡೋ ಕ್ಯೂಸಿ ಲ್ಯಾಬಿನಾಗ ಆರು ವರ್ಷ ಅನುಭವ, ಎಚ್‌ಪಿಎಲ್‌ಸಿ ಮಷೀನ್ ಮ್ಯಾಲ ಕೈ ಪಕ್ಕಾ ಕುಂತಿತ್ತು. ವರ್ಷಕ್ಕ 6 ಲಕ್ಷ 60 ಸಾವಿರ, ನೋಟಿಸ್ ಪೀರಿಯಡ್ ಎರಡು ತಿಂಗಳು. ಯುಗಾದಿ ಟೈಮಿನಾಗ ನಮ್ಮ ಕಂಪನಿ ವೆಬ್‌ಸೈಟಿನಾಗ ತಾನೇ ಅರ್ಜಿ ಹಾಕಿದ್ದ, ಏಳೂವರೆ ಲಕ್ಷ ಬೇಕು ಅಂತ ತುಂಬಿದ್ದ. ಯಾರೂ ಫೋನ್ ಮಾಡ್ಲಿಲ್ಲ, ಮರ್ತುಬಿಟ್ಟ. ಮೂರು ತಿಂಗಳಾದ ಮ್ಯಾಲ ಒಂದು ಕನ್ಸಲ್ಟೆನ್ಸಿ ಹುಡುಗಿ ಫೋನ್ ಮಾಡಿದ್ಳು, ನಮ್ಮ ಕ್ಲೈಂಟ್ ಒಬ್ರು ದೊಡ್ಡ ಫಾರ್ಮಾ ಕಂಪನಿ ಅದಾರ, ನಿಮ್ಮ ರೆಸ್ಯೂಮೆ ಕಳಸ್ಲಾ ಅಂತ. ಕಳಸ್ರಿ ಅಂದ, ಎಂಟು ಲಕ್ಷ ಅಂದ. ಅದೇ ವಾರ ಇನ್ನೊಂದು ಕನ್ಸಲ್ಟೆನ್ಸಿಯಿಂದ ಇನ್ನೊಬ್ಬ ಫೋನ್ ಮಾಡ್ದ, ಅವನೂ ಕಂಪನಿ ಹೆಸರು ಹೇಳ್ಲಿಲ್ಲ, ಇವನೂ ಕೇಳ್ಲಿಲ್ಲ, ಈ ಸರ್ತಿ ಧೈರ್ಯ ಬಂದಿತ್ತು, ಒಂಬತ್ತು ಅಂದ.

ಮೂರೂ ನಮ್ಮ ಕಂಪನಿನೇ. ನನ್ನ ಸ್ಕ್ರೀನ್ ಮ್ಯಾಲ ಒಂದೇ ಫೋನ್ ನಂಬರಿನ ಮನುಷ್ಯ ಮೂರು ಸಾಲಿನಾಗ ಬಂದಾನ. ಏಳೂವರೆ, ಎಂಟು, ಒಂಬತ್ತು. ಪಕ್ಕದಾಗ ಕೆಂಪು ಅಕ್ಷರದಾಗ ಡುಪ್ಲಿಕೇಟ್ ಅಂತ.

ಈಗ ಏನಾಗ್ತದ ಕೇಳ್ರಿ. ಕನ್ಸಲ್ಟೆನ್ಸಿ ಜೋಡಿ ಕಂಪನಿ ಮಾಡ್ಕೊಂಡ ಒಪ್ಪಂದದಾಗ, ಯಾರು ಮೊದಲು ರೆಸ್ಯೂಮೆ ಹಾಕ್ತಾರೋ ಕ್ಯಾಂಡಿಡೇಟ್ ಅವರವ ಅಂತ ಬರ್ದಿರ್ತದ, ಸಾಮಾನ್ಯವಾಗಿ ಆರು ತಿಂಗಳ ತನಕ. ಇವ ತಾನೇ ಮೊದಲು ಹಾಕ್ಯಾನ, ಹಂಗಾದ್ರ ಯಾರಿಗೂ ಫೀಸ್ ಇಲ್ಲ. ಆದ್ರ ಮೊದಲನೇ ಕನ್ಸಲ್ಟೆನ್ಸಿ ಅಂತದ, ನಮಗ ಅವ ಹೇಳೇ ಇಲ್ಲ, ನಾವು ಇಂಟರ್‌ವ್ಯೂಗೆ ತಯಾರಿ ಮಾಡಿಸೀವಿ. ಎರಡನೇದು ಇನ್ನೊಂದು ಅಂತದ. ಮ್ಯಾನೇಜರ್ ನನಗ ಒಂದೇ ಪ್ರಶ್ನೆ ಕೇಳಿದ್ರು, "ಇದರಾಗ ಖರೇ ನಂಬರ್ ಯಾವ್ದು?" ಅಂತ. ನನ್ನ ಹತ್ರ ಉತ್ತರ ಇರ್ಲಿಲ್ಲ. ಅಷ್ಟೇ ಅನುಭವದವ ಇನ್ನೊಬ್ಬ ಇದ್ದ, ತಕರಾರು ಇಲ್ಲದವ, ಅವನ್ನ ಕರೆದ್ವಿ. ಹುಮನಾಬಾದ್ ಹುಡುಗನ ಫೈಲ್ ಕ್ಲೋಸ್. ಅವನಿಗೆ ಯಾರೂ ಕಾರಣ ಹೇಳ್ಲಿಲ್ಲ. ನಮ್ ಕಡೆಯವ ಅಂತ ನಾನೇ ಆಮ್ಯಾಲ ಫೋನ್ ಮಾಡಿ ಹೇಳ್ದಾಗ ಅವ ಅಂದ ಮಾತು ಇನ್ನೂ ನೆನಪದ, "ಅಣ್ಣಾ, ಮೂರು ಕಡೆ ಹಾಕಿದ್ರ ಮೂರು ಚಾನ್ಸ್ ಅಂತ ತಿಳ್ದಿದ್ದೆ."

ಇದು ತೊಗರಿ ಅಲ್ರಿ, ಮೂರು ಅಡತಿಗೆ ಮೂರು ಚೀಲ ಹಾಕೋದಕ್ಕ. ಇರೋದು ಒಂದೇ ಚೀಲ.

ಅಡತಿ ಅಂದೆನಲ್ಲ, ಕನ್ಸಲ್ಟೆನ್ಸಿಯವ್ರನ್ನ ತಿಳ್ಕೊಳ್ಳೋಕೆ ನಮಗ ಅದಕ್ಕಿಂತ ಚೊಲೊ ಉದಾಹರಣೆ ಇಲ್ಲ. ನಮ್ಮ ಎಪಿಎಂಸಿಯಾಗ ಮಾಲು ತೂಗಿ ಸೌದಾ ಆದ್ರ ಅಡತ್ಯಾಗ ಕಮಿಷನ್, ಆಗ್ಲಿಲ್ಲಂದ್ರ ದಿನಾ ಪೂರ್ತಿ ಗಂಟಲು ಹರ್ಕೊಂಡಿದ್ದಕ್ಕ ಏನೂ ಇಲ್ಲ. ಕನ್ಸಲ್ಟೆನ್ಸಿನೂ ಹಂಗೇ. ನೀವು ಜಾಯಿನ್ ಆದ್ರಷ್ಟೇ ಅವ್ರಿಗೆ ರೊಕ್ಕ. ನಮ್ಮ ದೇಶದಾಗ ಭಾಳ ಕಡೆ ನಡಿಯೋ ಲೆಕ್ಕ 8.33 ಪರ್ಸೆಂಟ್, ಅಂದ್ರ ನಿಮ್ಮ ವರ್ಷದ ಪಗಾರದ ಹನ್ನೆರಡರಾಗ ಒಂದು ಭಾಗ, ಒಂದು ತಿಂಗಳ ಪಗಾರ. ದೊಡ್ಡ ಕಂಪನಿ ಇದನ್ನೂ ಇಳಿಸ್ತದ, ಸಿಗಲಾರದ ಕೆಲಸಕ್ಕ ಏರಿಸ್ತದ, ಆದ್ರ ಹಿಡ್ಕೊಂಡು ಲೆಕ್ಕ ಹಾಕೋಕೆ ಇದು ಸಾಕು. ಇದನ್ನ ಕೊಡೋದು ಕಂಪನಿ, ನಿಮ್ಮ ಪಗಾರದಾಗ ಕಡಿಯೋದಲ್ಲ, ಅದು ಗೊತ್ತಿರ್ಲಿ.

ಈಗ ಹಾಳಿ ಪೆನ್ನು ಇದ್ದವ್ರು ಬರೀರಿ. ಎಂಟು ಲಕ್ಷಕ್ಕ ನೀವು ಒಪ್ಪಿದ್ರ ಕನ್ಸಲ್ಟೆನ್ಸಿಗೆ ಹತ್ರಹತ್ರ 66,600 ರೂಪಾಯಿ. ನೀವು ಜಗ್ಗಾಡಿ ಎಂಟೂವರೆ ಮಾಡಿಸಿದ್ರಿ ಅನ್ಕೊಳ್ರಿ, ಆಗ 70,800. ನಿಮಗ ವರ್ಷಕ್ಕ ಐವತ್ತು ಸಾವಿರ ಜಾಸ್ತಿ, ಅವ್ರಿಗೆ ಒಂದೇ ಸರ್ತಿ ನಾಕು ಸಾವಿರದ ಚಿಲ್ಲರೆ ಜಾಸ್ತಿ. ಆ ನಾಕು ಸಾವಿರದ ಸಲುವಾಗಿ ಅವ್ರು 66 ಸಾವಿರ ಪಣಕ್ಕ ಇಡ್ತಾರೇನ್ರಿ? ಇಡಂಗಿಲ್ಲ. ಅದಕ್ಕೇ ಆಫರ್ ಬಂದ ದಿನ "ಸರ್ ಒಪ್ಕೊಳ್ರಿ ಸರ್, ಭಾಳ ಚೊಲೊ ಆಫರ್, ಕಂಪನಿಯವ್ರು ವಾಪಸ್ ತಗೊಂಡ್ರ ಕಷ್ಟ" ಅಂತ ಅವಸರ ಮಾಡ್ತಾರ. ಅವ್ರು ಕೆಟ್ಟವ್ರು ಅಂತಲ್ಲ, ನಾನೂ ಮಾಡೀನಿ, ತಿಂಗಳ ಕೊನಿಗೆ ಟಾರ್ಗೆಟ್ ಇರ್ತಿತ್ತು. ಹಂಗಾಗಿ ಪಗಾರದ ವಿಚಾರದಾಗ ಅವ್ರು ನಿಮ್ಮ ವಕೀಲರು ಅಂತ ತಿಳೀಬ್ಯಾಡ್ರಿ. ಒಂದೇ ನಂಬರ್ ಹೇಳ್ರಿ, ಯಾಕ ಅಷ್ಟು ಅಂತ ಒಂದು ಸಾಲಿನ ಕಾರಣ ಹೇಳ್ರಿ, ಆ ಸಾಲು ಹಂಗೇ ಅವ್ರ ಎಕ್ಸೆಲ್ ಶೀಟಿನಾಗ ಕುಂತು ಕಂಪನಿಗೆ ಹೋಗ್ತದ.

ಇನ್ನ ದನಿ. ಕನ್ಸಲ್ಟೆನ್ಸಿಯವ್ರ ಜೋಡಿ ಮಾತು ಚಿಕ್ಕದಿರ್ಲಿ, ಚುರುಕಿರ್ಲಿ. ಆ ಹುಡುಗಿ ಅವತ್ತೇ ಇನ್ನ ಐವತ್ತು ಫೋನ್ ಮಾಡ್ಬೇಕಾಗಿರ್ತದ, ನಿಮ್ಮ ಜೀವನದ ಕನಸು, ಮ್ಯಾನೇಜರ್ ಕಾಟ ಇವೆಲ್ಲಾ ಆಕಿಗೆ ಬ್ಯಾಡ. ಆಕಿಗೆ ಬೇಕಾಗಿದ್ದು ಈಗಿನ ಪಗಾರ, ಬೇಕಾದ ಪಗಾರ, ನೋಟಿಸ್ ಪೀರಿಯಡ್, ಊರು ಬದಲಿ ಮಾಡ್ತೀರೋ ಇಲ್ಲೋ, ಮತ್ತ ನಿಮ್ಮ ಕೆಲಸದಾಗ ಎದ್ದು ಕಾಣೋ ಎರಡು ಮಾತು. ಅಷ್ಟ ಕೊಟ್ಟು ನೀವು ಪ್ರಶ್ನೆ ಕೇಳ್ರಿ. ಕೆಲಸದ ಆಳ ಕೇಳಿದ್ರ ಆಕಿಗೆ ಗೊತ್ತಿರಂಗಿಲ್ಲ, ಕಂಪನಿ ಕಳಿಸಿದ ಒಂದು ಪುಟದ ಜೆಡಿ, ಅಂದ್ರ ಕೆಲಸದ ವಿವರ, ಅಷ್ಟೇ ಆಕಿ ಹತ್ರ ಇರೋದು, ಅದನ್ನೇ ಓದ್ತಾಳ, ನಿಮಗ ಸಿಟ್ಟು ಬರ್ತದ. ಕೇಳ್ಬೇಕಾದ್ದು ಬ್ಯಾರೆ. ಕಂಪನಿ ಯಾವ್ದು, ಯಾವ ಯೂನಿಟ್. ಈ ರಿಕ್ವೈರ್‌ಮೆಂಟ್ ನಿಮಗ ಕಂಪನಿಯಿಂದ ಸೀದಾ ಬಂದದೋ, ಇನ್ನೊಂದು ವೆಂಡರ್ ಮುಖಾಂತರ ಬಂದದೋ. ಕಂಪನಿ ಪೇರೋಲೋ, ಕಾಂಟ್ರ್ಯಾಕ್ಟೋ. ಕೊನಿದು ಭಾಳ ಮಂದಿ ಕೇಳಂಗಿಲ್ಲ, ಆಫರ್ ಲೆಟರ್ ಕೈಗೆ ಬಂದ ಮ್ಯಾಲ ಮ್ಯಾಲಿನ ಲೆಟರ್‌ಹೆಡ್ ಬ್ಯಾರೆ ಇರ್ತದ.

ಕಂಪನಿ ಹೆಸರು ಹೇಳೋಕೆ ಅವ್ರು ಹಿಂದ ಮುಂದ ನೋಡ್ತಾರ. ಯಾಕಂದ್ರ ನೀವು ಸೀದಾ ಹೋಗಿ ಅರ್ಜಿ ಹಾಕಿಬಿಟ್ರ ಅವ್ರ ಫೀಸ್ ಹೋಯ್ತು. ಆ ಅಂಜಿಕಿ ಅವ್ರಿಗೆ ಖರೇನೇ ಅದ. ಹಂಗಾಗಿ ಜಗಳ ಮಾಡ್ಬ್ಯಾಡ್ರಿ, ಹಿಂಗ ಅನ್ರಿ: "ಮೇಡಂ, ಕಳೆದ ಆರು ತಿಂಗಳಾಗ ನಾನೇ ಕೆಲವು ಕಡೆ ಅರ್ಜಿ ಹಾಕೀನಿ, ಹೆಸರು ಹೇಳಿದ್ರ ಡುಪ್ಲಿಕೇಟ್ ಆಗ್ತದೋ ಇಲ್ಲೋ ಈಗೇ ಹೇಳ್ತೀನಿ, ಇಲ್ಲಂದ್ರ ನಿಮ್ಮ ಕೆಲಸನೂ ವೇಸ್ಟ್ ಆಗ್ತದ." ಡುಪ್ಲಿಕೇಟ್ ಅನ್ನೋ ಶಬ್ದ ಕೇಳಿದ ಕೂಡ್ಲೇ ಹೆಸರು ಹೊರಗ ಬರ್ತದ, ನಾನು ಗ್ಯಾರಂಟಿ ಕೊಡ್ತೀನಿ, ನನ್ನ ಬಾಯಿಂದನೂ ಹಿಂಗೇ ಬರ್ತಿತ್ತು. ಹೆಸರು ಹೇಳಲೇ ಇಲ್ಲಂದ್ರ ರೆಸ್ಯೂಮೆ ಕಳಿಸೋಕೆ ಒಪ್ಪಿಗಿ ಕೊಡಬ್ಯಾಡ್ರಿ. ಹೇಳಿದ್ರ, ಮೇಲ್ ಹಾಕೋಕೆ ಹೇಳ್ರಿ, ಅದಕ್ಕ ಒಂದು ಸಾಲಿನ ಉತ್ತರ ಕೊಡ್ರಿ, ಇಂಥ ಕಂಪನಿಯ ಇಂಥ ಹುದ್ದೆಗೆ ಇಂಥ ದಿನದಿಂದ ನನ್ನ ರೆಸ್ಯೂಮೆ ನೀವು ಕಳಸಬಹುದು ಅಂತ. ನಿಮ್ಮ ಹತ್ರ ಒಂದು ಡೈರಿ ಇರ್ಲಿ, ಯಾವ ತಾರೀಖು, ಯಾವ ಕಂಪನಿ, ಯಾರ ಮುಖಾಂತರ, ಯಾವ ನಂಬರ್ ಹೇಳಿದ್ರಿ. ಎರಡನೇದವ ಫೋನ್ ಮಾಡಿದ್ರ ಡೈರಿ ನೋಡಿ, "ಇದಕ್ಕ ಆಗ್ಲೇ ಹೋಗ್ಯದ್ರಿ" ಅಂದ್ರ ಮುಗೀತು. ಹುಮನಾಬಾದ್ ಹುಡುಗ ಹಿಂಗ ಮಾಡಿದ್ರ ಮೊದಲನೇ ಫೋನಿನಾಗೇ ತಿಳೀತಿತ್ತು, ನನ್ನ ಅರ್ಜಿ ಅಲ್ಲೇ ಅದ ಅಂತ.

ಒಂದು ಮಾತು ನಡುವ ಹೇಳಿಬಿಡ್ತೀನಿ. ಜಾಯಿನ್ ಆದ ಮ್ಯಾಲೂ ಕನ್ಸಲ್ಟೆನ್ಸಿಯವ್ರು ಫೋನ್ ಮಾಡಿ "ಹೆಂಗ್ ಅದೀರಿ ಸರ್, ಸೆಟ್ಲ್ ಆದ್ರಿ?" ಅಂತ ಕೇಳ್ತಾರ, ನಮ್ಮ ಮಂದಿ ಭಾಳ ಖುಷಿ ಪಡ್ತಾರ. ಅದು ಪ್ರೀತಿ ಅಷ್ಟೇ ಅಲ್ರಿ. ಒಪ್ಪಂದದಾಗ ಎರಡು ಮೂರು ತಿಂಗಳ ರಿಪ್ಲೇಸ್‌ಮೆಂಟ್ ಅಂತ ಇರ್ತದ, ಅಷ್ಟರಾಗ ನೀವು ಬಿಟ್ಟು ಹೋದ್ರ ಅವ್ರು ಪುಕ್ಕಟೆ ಇನ್ನೊಬ್ಬನ್ನ ಕೊಡ್ಬೇಕು ಇಲ್ಲಾ ರೊಕ್ಕ ವಾಪಸ್ ಮಾಡ್ಬೇಕು. ಅದಕ್ಕ ಆ ಮೂರು ತಿಂಗಳು ಅವ್ರು ನಿಮ್ಮ ಮಾತು ಕೇಳ್ತಾರ. ಆಫರ್‌ದಾಗ ಹೇಳಿದ್ದು ಒಂದು, ಅಲ್ಲಿ ಶಿಫ್ಟ್ ಕೊಟ್ಟಿದ್ದು ಇನ್ನೊಂದು, ಅಂಥ ತಕರಾರು ಇದ್ರ ಆಗ ಹೇಳ್ರಿ, ನಾಕನೇ ತಿಂಗಳಿಗೆ ಹೇಳಿದ್ರ ಫೋನ್ ಎತ್ತಂಗಿಲ್ಲ.

ಈಗ ಕಂಪನಿ ಒಳಗಿನವ್ರು. ಇವ್ರ ಕಾರ್ಡಿನ ಮ್ಯಾಲ ಟ್ಯಾಲೆಂಟ್ ಅಕ್ವಿಸಿಷನ್ ಅಂತ ಬರ್ದಿರ್ತದ, ಟಿಎ ಅಂತಾರ. ಇವ್ರಿಗೆ ತಿಂಗಳ ಪಗಾರ ಬರ್ತದ, ನೀವು ಬಂದ್ರೂ ಬರ್ತದ, ಬರದಿದ್ರೂ ಬರ್ತದ. ಆದ್ರ ವರ್ಷದ ಕೊನಿಗೆ ಇವ್ರನ್ನ ಅಳಿಯೋದು ಹುದ್ದೆ ಎಷ್ಟು ದಿನದಾಗ ತುಂಬಿದ್ರು, ಆಫರ್ ಕೊಟ್ಟವ್ರಾಗ ಎಷ್ಟ್ ಮಂದಿ ಖರೇನೇ ಬಂದು ಸೇರಿದ್ರು ಅಂತ. ಅದಕ್ಕ ಟಿಎಗೆ ಎಲ್ಲಕ್ಕಿಂತ ದೊಡ್ಡ ಅಂಜಿಕಿ ನೀವು ಆಫರ್ ತಗೊಂಡು ಬರಲಾರದೆ ಇರೋದು. ಎರಡು ತಿಂಗಳು ನೋಟಿಸ್ ಕಾದು, ಜಾಯಿನಿಂಗ್ ದಿನ ಮುಂಜಾನೆ ಫೋನ್ ಸ್ವಿಚ್ ಆಫ್ ಬರೋ ಅನುಭವ ನನಗ ಎಷ್ಟು ಸರ್ತಿ ಆಗ್ಯದ, ಎಣಿಸೋದು ಬಿಟ್ಟೀನಿ.

ಹಂಗಾಗಿ ಇಲ್ಲಿ ದನಿ ಬ್ಯಾರೆ. ಅವಸರ ಬ್ಯಾಡ, ಜರಾ ವಿವರವಾಗಿ ಮಾತಾಡ್ರಿ. ನಿಮ್ಮ ಊರಿನ ಕಾರಣ, ಮನಿ ಕಾರಣ, ಮಕ್ಕಳ ಸಾಲಿ, ಇವು ಕನ್ಸಲ್ಟೆನ್ಸಿಗೆ ಬ್ಯಾಡಾಗಿದ್ವು, ಇಲ್ಲಿ ಕೆಲಸಕ್ಕ ಬರ್ತಾವ, ಯಾಕಂದ್ರ ಇವ ಖರೇನೇ ಬರ್ತಾನೋ ಇಲ್ಲೋ ಅಂತ ಅವ್ರು ತೂಗೋದು ಇದರ ಮ್ಯಾಲೇ. ಬೀದರಿನಾಗ ಅವ್ವ ಅಪ್ಪ ಇಬ್ರೇ ಅದಾರ, ಕೋಳಾರ ಇಂಡಸ್ಟ್ರಿಯಲ್ ಏರಿಯಾದ ಯೂನಿಟ್ಟಿಗೆ ಬರೋಕೆ ಅದೇ ಕಾರಣ ಅಂತ ನೀವು ಹೇಳಿದ್ರ ಟಿಎ ಮನಸ್ಸಿನಾಗ ಅದು ದೊಡ್ಡ ಪಾಯಿಂಟು.

ಪ್ರಶ್ನೆನೂ ಬ್ಯಾರೆ. ಹುದ್ದೆ ಹೊಸದೋ, ಯಾರಾದ್ರೂ ಬಿಟ್ಟು ಹೋದ ಜಾಗಾನೋ ಕೇಳ್ರಿ. ಬಜೆಟ್ ಅಪ್ರೂವ್ ಆಗ್ಯದೇನು ಕೇಳ್ರಿ, ಅಪ್ರೂವಲ್ ಇಲ್ಲದ ಹುದ್ದೆಗೂ ಇಂಟರ್‌ವ್ಯೂ ನಡೀತಾವ. ಪಗಾರದ ಬ್ಯಾಂಡ್ ಎಷ್ಟರಿಂದ ಎಷ್ಟು, ಅದರಾಗ ಫಿಕ್ಸೆಡ್ ಎಷ್ಟು, ವೇರಿಯಬಲ್ ಎಷ್ಟು ಅನ್ನೋದು ಇವ್ರಿಗೆ ಗೊತ್ತಿರ್ತದ, ಕನ್ಸಲ್ಟೆನ್ಸಿಗೆ ಬರೇ ಮ್ಯಾಲಿನ ನಂಬರ್ ಗೊತ್ತಿರ್ತದ. ಮತ್ತ ನನಗ ಇಷ್ಟವಾದ ಪ್ರಶ್ನೆ ಒಂದದ: "ಈ ಹುದ್ದೆಗೆ ಈಗಾಗ್ಲೇ ನೋಡಿದವ್ರಾಗ ಮ್ಯಾನೇಜರ್‌ಗೆ ಏನು ಕಮ್ಮಿ ಅನ್ನಿಸ್ತು?" ಒಬ್ಬ ಕ್ಯಾಂಡಿಡೇಟ್ ನನಗ ಹಿಂಗ ಕೇಳಿದ. ನಾನು ಖರೇ ಹೇಳ್ದೆ, ಎಲ್ಲಾರೂ ಮಷೀನ್ ನಡಸ್ತಾರ, ರಿಸಲ್ಟ್ ತಪ್ಪಿ ಬಂದಾಗ ಕಾರಣ ಹುಡುಕಿ ಬರಿಯೋದು ಯಾರಿಗೂ ಬರವಲ್ದು ಅಂತ. ಆ ಹುಡುಗ ಮರುದಿನ ಇಂಟರ್‌ವ್ಯೂದಾಗ ತಾನು ಮಾಡಿದ ಅಂಥ ಎರಡು ತನಿಖೆನೇ ಹೇಳ್ದ. ಅವನ್ನೇ ತಗೊಂಡ್ರು. ಈ ಪ್ರಶ್ನೆ ಕನ್ಸಲ್ಟೆನ್ಸಿಗೆ ಕೇಳಿದ್ರ "ಕಮ್ಯುನಿಕೇಶನ್ ಸ್ಕಿಲ್ಸ್ ಸರ್" ಅನ್ನೋ ಉತ್ತರ ಬರ್ತದ.

ಇಲ್ಲಿ ಒಂದು ಎಚ್ಚರ. ಟಿಎಗೆ ಹೇಳಿದ್ದೆಲ್ಲಾ ಸಿಸ್ಟಮ್‌ದಾಗ ದಾಖಲಾಗ್ತದ, ಎರಡು ವರ್ಷ ಬಿಟ್ಟು ಬಂದ್ರೂ ಹಳೆ ನೋಟ್ ತೆರೀತದ. ಈಗಿನ ಪಗಾರ ಒಂದು ಲಕ್ಷ ಏರಿಸಿ ಹೇಳೋದು ಭಾಳ ಮಂದಿಗೆ ಚಟ. ಆಫರ್ ಮುಂಚೆ ಮೂರು ತಿಂಗಳ ಪೇ ಸ್ಲಿಪ್, ಕೆಲವು ಕಡೆ ಫಾರ್ಮ್ 16 ಕೇಳ್ತಾರ, ಪಿಎಫ್ ದಾಖಲೆದಾಗ ಯಾವ ಕಂಪನಿಯಾಗ ಯಾವಾಗ ಸೇರಿ ಯಾವಾಗ ಬಿಟ್ರಿ ಕಾಣ್ತದ. ಸಿಕ್ಕಿಬಿದ್ದಾಗ ಪಗಾರ ಕಮ್ಮಿ ಆಗಂಗಿಲ್ಲ, ಆಫರ್ರೇ ಹೋಗ್ತದ.

ಇನ್ನೊಂದು ಗೊಂದಲ. ಕೆಲವು ದೊಡ್ಡ ಕಂಪನಿಗಳು ಹೊರಗಿನ ಏಜೆನ್ಸಿ ಮಂದಿನ್ನ ತಮ್ಮ ಆಫೀಸಿನಾಗೇ ಕುಂದ್ರಸ್ತಾವ, ಆರ್‌ಪಿಒ ಅಂತಾರ, ಮೇಲ್ ಐಡಿನೂ ಕಂಪನಿದೇ ಇರ್ತದ. ಅಂಥವ್ರಿಗೆ ಹುದ್ದೆ ಗೊತ್ತಿರ್ತದ, ಪದ್ಧತಿ ಗೊತ್ತಿರ್ತದ, ಪಗಾರ ಏರಿಸೋ ಮಾತಿಗೆ ಮಾತ್ರ ಒಳಗಿನವ್ರನ್ನ ಕೇಳ್ಬೇಕು. "ಆಫರ್ ಮಾತು ನಿಮ್ಮ ಜೋಡಿನೇ ಆಗ್ತದೋ ಬ್ಯಾರೆ ಯಾರ ಜೋಡಿ ಆಗ್ತದೋ" ಅಂತ ಮೊದಲೇ ಕೇಳಿದ್ರ ಗೊತ್ತಾಗ್ತದ.

ಮೂರನೇ ನಮೂನಿ ಇಲ್ಲಿ ಕುಂತ ಹುಡುಗ್ರಿಗೆ ಈಗ ಬ್ಯಾಡ, ಹಿಂದಿನ ಸಾಲಿನ ಹಿರಿಯರಿಗೆ ಬೇಕು. ಎಕ್ಸಿಕ್ಯೂಟಿವ್ ಸರ್ಚ್. ಕಾರ್ನ್ ಫೆರ್ರಿ, ಸ್ಪೆನ್ಸರ್ ಸ್ಟುವರ್ಟ್, ಇಗಾನ್ ಜೆಂಡರ್ ಇಂಥ ಹೆಸರು ಕೇಳಿರ್ಬಹುದು. ಇವ್ರು ಪ್ಲಾಂಟ್ ಹೆಡ್, ಸಿಎಫ್ಒ, ಸಿಇಒ ಇಂಥ ಹುದ್ದೆಗೆ ಹುಡುಕ್ತಾರ. ಇಲ್ಲಿ ಲೆಕ್ಕ ಉಲ್ಟಾ. ಫೀಸ್ ಮೊದಲ ವರ್ಷದ ಪಗಾರದ ಮೂರರಾಗ ಒಂದು ಭಾಗದ ಹತ್ರ ಇರ್ತದ, ಅದನ್ನ ಸಾಮಾನ್ಯವಾಗಿ ಮೂರು ಕಂತಿನಾಗ ಕೊಡ್ತಾರ, ಕೆಲಸ ಒಪ್ಪಿಸಿದ ಕೂಡ್ಲೇ ಒಂದು, ಆರಿಸಿದ ಹೆಸರು ಮುಂದಿಟ್ಟಾಗ ಒಂದು, ಮುಗಿದಾಗ ಒಂದು. 60 ಲಕ್ಷದ ಪ್ಲಾಂಟ್ ಹೆಡ್ ಹುದ್ದೆ ಅಂದ್ರ 20 ಲಕ್ಷ ಫೀಸ್, ಅದರಾಗ ಒಂದು ಕಂತು ನಿಮಗ ಫೋನ್ ಮಾಡೋ ಮುಂಚೆನೇ ಅವ್ರ ಖಾತೆಗೆ ಬಂದಿರ್ತದ. ಹಂಗಾಗಿ ಇವ್ರಿಗೆ ನೀವೇ ಸೇರ್ಬೇಕು ಅನ್ನೋ ಅವಸರ ಇಲ್ಲ. ಇವ್ರ ಚಿಂತಿ ಬ್ಯಾರೆ, ನಿಮ್ಮನ್ನ ಕಂಪನಿ ಮಾಲಕರ ಮುಂದ ನಿಂದ್ರಿಸಿದ್ರ ತಮ್ಮ ಮರ್ಯಾದಿ ಉಳೀತದೋ ಇಲ್ಲೋ.

ಸೇಡಂ ಕಡೆ ಸಿಮೆಂಟ್ ಪ್ಲಾಂಟಿನಾಗ ಮೆಂಟೆನೆನ್ಸ್ ನೋಡೋ ನಮ್ಮ ಹಿರಿಯರು ಒಬ್ರು, 22 ವರ್ಷ ಸರ್ವಿಸು. ಮುಂಬೈಯಿಂದ ಇಂಥ ಒಬ್ರು ಫೋನ್ ಮಾಡಿದ್ರು, ನಿಧಾನ ಮಾತು, ಅರ್ಧ ಗಂಟೆ ಟೈಮ್ ಕೇಳಿದ್ರು. ನಮ್ಮವ್ರು ಕನ್ಸಲ್ಟೆನ್ಸಿ ಅಂತ ತಿಳ್ಕೊಂಡು ಎರಡೇ ನಿಮಿಷದಾಗ ಪಗಾರ ಹೇಳಿ, ಎಷ್ಟು ಕೊಡಸ್ತೀರಿ ಅಂತ ಕೇಳಿದ್ರು. ಆಮ್ಯಾಲ ಬಿಡೋ ಕಾರಣ ಕೇಳಿದಾಗ ಮ್ಯಾಲಿನ ಸಾಹೇಬ್ರ ಮ್ಯಾಲಿನ ಸಿಟ್ಟೆಲ್ಲಾ ತೆಗೆದ್ರು. ಕೊನಿಗೆ ಆ ಮನುಷ್ಯ "ಈ ಕೆಲಸಕ್ಕ ನಿಮಗ ಗೊತ್ತಿದ್ದವ್ರು ಇನ್ಯಾರಾದ್ರೂ ಅದಾರೇನು" ಅಂದಾಗ ಇವ್ರಿಗೆ ಅವಮಾನ ಆಯ್ತು, ನನಗೇ ಫೋನ್ ಮಾಡಿ ಬೇರೆಯವ್ರ ಹೆಸರು ಕೇಳ್ತಾನ ಅಂತ ಇಟ್ಟುಬಿಟ್ರು.

ಮೂರೂ ತಪ್ಪೇ. ಇಂಥ ಫೋನು ಎಷ್ಟೋ ಸರ್ತಿ ನಿಮಗ ಕೆಲಸ ಕೊಡೋಕೆ ಅಲ್ಲ, ಈ ಉದ್ಯಮದಾಗ ಯಾರ್ ಯಾರ್ ಅದಾರ ಅಂತ ನಕ್ಷೆ ಮಾಡ್ಕೊಳ್ಳೋಕೆ ಬರ್ತದ, ಅದಕ್ಕ ಹೆಸರು ಕೇಳ್ತಾರ. "ಒಬ್ರು ನೆನಪಿಗೆ ಬರ್ತಾರ, ಅವ್ರನ್ನ ಕೇಳಿ ಒಪ್ಪಿದ್ರ ನಂಬರ್ ಕೊಡ್ತೀನಿ" ಅನ್ರಿ, ಸಾಕು, ಅವ್ರು ಆ ಉಪಕಾರ ಬರ್ದಿಟ್ಕೊತಾರ. ಎರಡನೇದು, ಮಾತು ಮುಗಿದ ಮ್ಯಾಲ ನಿಮ್ಮ ಬಗ್ಗೆ ಎರಡು ಮೂರು ಪುಟದ ಟಿಪ್ಪಣಿ ತಯಾರಾಗ್ತದ, ಅದರಾಗ ಸಾಹೇಬ್ರನ್ನ ಬೈದಿದ್ದು "ತೀರ್ಮಾನದಾಗ ತಾಳ್ಮಿ ಕಮ್ಮಿ" ಅಂತಾಗಿ ಕುಂದ್ರತದ. ಇಲ್ಲಿ ಹೇಳ್ಬೇಕಾದ್ದು ನೀವು ಏನು ತಿರುಗಿಸಿದ್ರಿ ಅಂತ, ಕಿಲ್ನ್ ವರ್ಷಕ್ಕ ಎಷ್ಟು ದಿನ ನಿಲ್ತಿತ್ತು, ನೀವು ಬಂದ ಮ್ಯಾಲ ಎಷ್ಟಾಯ್ತು, ಅದಕ್ಕ ಏನು ಮಾಡಿದ್ರಿ, ಎಲ್ಲಿ ಸೋತ್ರಿ. ಪಗಾರ ಅವ್ರೇ ಕೇಳೋ ತನಕ ಬ್ಯಾಡ.

ಕೇಳೋ ಪ್ರಶ್ನೆ ಮೂರು ಸಾಕು. ಇದು ಕಂಪನಿ ಒಪ್ಪಿಸಿದ ಕೆಲಸಾನೋ, ಬರೇ ಪರಿಚಯದ ಮಾತೋ. ಈ ಹುದ್ದೆ ಯಾರಿಗೆ ವರದಿ ಮಾಡ್ತದ, ಮೊದಲಿದ್ದವ್ರು ಯಾಕ ಹೋದ್ರು. ನನ್ನ ಒಪ್ಪಿಗಿ ಇಲ್ಲದೆ ನನ್ನ ಹೆಸರು ಕಂಪನಿಗೆ ಹೋಗಂಗಿಲ್ಲ ಅಲ್ಲ. ಕೊನಿದು ಭಾಳ ಮುಖ್ಯ, ಯಾಕಂದ್ರ ಮಳಖೇಡ, ಸೇಡಂ, ವಾಡಿ ಅಂದ್ರ ಸಿಮೆಂಟಿನವ್ರೆಲ್ಲಾ ಒಬ್ರಿಗೊಬ್ರು ಗೊತ್ತಿದ್ದವ್ರೇ, ಮದುವಿಯಾಗ ಒಂದೇ ಪಂಕ್ತಿಗೆ ಕುಂದ್ರೋ ಮಂದಿ. ನೀವು ಕೊಟ್ಟ ರೆಫರೆನ್ಸ್ ಅಷ್ಟೇ ಅಲ್ಲ, ಕೊಡಲಾರದವ್ರನ್ನೂ ಇವ್ರು ಕೇಳ್ತಾರ, "ಈಗಿನ ಕಂಪನಿಯಾಗ ಯಾರನ್ನೂ ಕೇಳಬ್ಯಾಡ್ರಿ" ಅಂತ ಸ್ಪಷ್ಟ ಹೇಳಿ ಇಡ್ರಿ. ಆಮ್ಯಾಲ ವಾರಕ್ಕೊಮ್ಮೆ "ಏನಾಯ್ತು ಸರ್" ಅಂತ ಮೆಸೇಜ್ ಬ್ಯಾಡ, ಕನ್ಸಲ್ಟೆನ್ಸಿಗೆ ಮೂರು ದಿನಕ್ಕೊಮ್ಮೆ ಕೇಳಿದ್ರೂ ನಡೀತದ, ಟಿಎಗೆ ವಾರಕ್ಕೊಮ್ಮೆ, ಇವ್ರಿಗೆ ತಿಂಗಳು ಬಿಟ್ಟು ಒಂದು ಸಾಲು.

ಮುಂದಿನ ಸಾಲಿನ ತಂಗಿ ಒಬ್ಳು ಆಗ್ಲಿಂದ ಕೈ ಎತ್ಯಾಳ, ರಿಜಿಸ್ಟ್ರೇಶನ್‌ಗೆ 2,500 ರೂಪಾಯಿ ಕಟ್ಟಿದ್ರ ಇಂಟರ್‌ವ್ಯೂ ಲೆಟರ್ ಕಳಸ್ತೀವಿ ಅಂತ ಫೋನ್ ಬಂದದ, ಅವ್ರು ಮೂರರಾಗ ಯಾವ ನಮೂನಿ ಅಂತ ಕೇಳ್ಯಾಳ. ಯಾವ್ದೂ ಅಲ್ಲವ್ವ. ಈ ಮೂರೂ ಮಂದಿಗೆ ರೊಕ್ಕ ಕೊಡೋದು ಕಂಪನಿ, ಈಗ ಲೆಕ್ಕ ಹಾಕಿ ತೋರಿಸಿದೆನಲ್ಲ. ಆ ನಂಬರ್ ಬ್ಲಾಕ್ ಮಾಡು, ರೊಕ್ಕ ಆಗ್ಲೇ ಕಟ್ಟಿದ್ರ ಇವತ್ತೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕ ಫೋನ್ ಹಚ್ಚು.